ವಾಲ್ ಹಂಗ್ ಕಮೋಡ್ ಕೂರಿಸುವುದು: ಟೈಲ್ಸ್ ಹಾಕುವ ಮೊದಲೇ ಮುಗಿಸಬೇಕಾದ ಕೆಲಸ

ನೆಲ ಮುಟ್ಟದೆ ಗೋಡೆಯಿಂದಲೇ ಚಾಚಿಕೊಂಡಿರುವ ಕಮೋಡ್ ಈಗ ಹೊಸ ಮನೆಗಳಲ್ಲಿ ಮಾಮೂಲಿ. ಕೆಳಗೆ ಪೊರಕೆ ಸಲೀಸಾಗಿ ಆಡುತ್ತದೆ, ಮೂಲೆಯಲ್ಲಿ ಕೊಳೆ ನಿಲ್ಲುವುದಿಲ್ಲ. ಆದರೆ ಕಣ್ಣಿಗೆ ಕಾಣುವುದು ಕಮೋಡ್ ಮತ್ತು ಫ್ಲಶ್ ಪ್ಲೇಟ್ ಮಾತ್ರ. ಭಾರ ಹೊರುವ ಕಬ್ಬಿಣದ ಫ್ರೇಮ್, ನೀರಿನ ತೊಟ್ಟಿ, ಹೊಲಸು ಹೋಗುವ ಪೈಪ್ ಎಲ್ಲವೂ ಗೋಡೆಯ ಒಳಗೆ. ಟೈಲ್ಸ್ ಮುಚ್ಚಿದ ಮೇಲೆ ಫ್ರೇಮನ್ನು ಒಂದು ಸೆಂಟಿಮೀಟರ್ ಆಚೀಚೆ ಮಾಡಬೇಕಾದರೂ ಗೋಡೆ ಒಡೆಯಬೇಕು. ನಮ್ಮ ಅಕ್ಕನ ಮನೆಯ ಮೊದಲ ಮಹಡಿಯ ಬಚ್ಚಲನ್ನು ಹೊಸದಾಗಿ ಮಾಡಿಸುವಾಗ ನಾನು ಪಕ್ಕದಲ್ಲೇ ನಿಂತು ಟೇಪ್ ಹಿಡಿದೆ. ಆ ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಕಮೋಡ್ ಕೊಳ್ಳಿ, ಆಮೇಲೆ ಫ್ರೇಮ್

ಜಾಸ್ತಿ ಜನ ಫ್ರೇಮ್ ತಂದು ಗೋಡೆಗೆ ಕೂರಿಸಿ, ಕಮೋಡನ್ನು ಆಮೇಲೆ ನೋಡೋಣ ಎಂದು ಬಿಡುತ್ತಾರೆ. ಹಾಗೆ ಮಾಡಬೇಡಿ. ಕಮೋಡನ್ನು ಮಗುಚಿ ಅದರ ಬೆನ್ನು ನೋಡಿ. ಅಲ್ಲಿ ನಾಲ್ಕು ತೂತು ಕಾಣುತ್ತವೆ. ಎಡ, ಬಲದಲ್ಲಿ ಬೋಲ್ಟಿನ ತೂತುಗಳು. ನಡುವೆ ಮೇಲೆ ನೀರು ಬರುವ ಬಾಯಿ, ಅದರ ಕೆಳಗೆ ಹೊಲಸು ಹೋಗುವ ಬಾಯಿ. ಬೋಲ್ಟುಗಳ ನಡುವಿನ ಅಂತರ ಸಾಮಾನ್ಯವಾಗಿ 18 ಸೆಂ.ಮೀ., ಕೆಲವಕ್ಕೆ 23 ಸೆಂ.ಮೀ. ಎರಡು ಬಾಯಿಗಳ ನಡುವಿನಿಂದ ನಡುವಿಗೆ 13.5 ಸೆಂ.ಮೀ. ಫ್ರೇಮಿನಲ್ಲೂ ಈ ಅಳತೆಗಳೇ ಇರಬೇಕು. ಅಂಗಡಿಯಲ್ಲೇ ಟೇಪ್ ಹಿಡಿದು ನೋಡಿದರೆ ಎರಡು ನಿಮಿಷದ ಕೆಲಸ.

ಇನ್ನೂ ಇಲ್ಲದ ನೆಲದಿಂದ ಅಳೆಯುವುದು

ಫ್ರೇಮ್ ನಿಲ್ಲಿಸುವ ಹೊತ್ತಿಗೆ ಬಚ್ಚಲಿನಲ್ಲಿ ಇರುವುದು ಬರೀ ಕಾಂಕ್ರೀಟು ಅಷ್ಟೇ. ಆದರೆ ಕಮೋಡಿನ ಎತ್ತರ ಅಳೆಯಬೇಕಾಗಿರುವುದು ಮುಂದೆ ಬರಲಿರುವ ಟೈಲ್ಸ್ ನೆಲದಿಂದ. ನಮ್ಮಲ್ಲಿ ಗಾರೆ ಮತ್ತು ಟೈಲ್ಸ್ ಸೇರಿ 6.5 ಸೆಂ.ಮೀ. ಬರುತ್ತಿತ್ತು. ಅದಕ್ಕೇ ಮೇಸ್ತ್ರಿ ಬರೀ ಕಾಂಕ್ರೀಟಿನ ನೆಲದಿಂದ 106.5 ಸೆಂ.ಮೀ. ಅಳೆದು, ಲೆವೆಲ್ ಟ್ಯೂಬಿನಲ್ಲಿ ನೀರು ತುಂಬಿ, ಗೋಡೆಯ ಮೇಲೆ ಗೆರೆ ಎಳೆದರು. ಮುಗಿದ ನೆಲದಿಂದ ಆ ಗೆರೆ ಸರಿಯಾಗಿ ಒಂದು ಮೀಟರ್. ಫ್ರೇಮಿನ ಮೇಲೂ ಒಂದು ಮೀಟರಿನ ಗುರುತು ಇರುತ್ತದೆ. ಆ ಗುರುತು ಈ ಗೆರೆಗೆ ಕೂಡಿದರೆ ಎತ್ತರ ಸರಿ ಬಂತು ಎಂದರ್ಥ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಚ್ಚಲಿನ ನೆಲ ಸಮ ಇರುವುದಿಲ್ಲ, ನೀರು ಹೋಗುವ ಜಾಲರಿಯ ಕಡೆಗೆ ಇಳಿಜಾರು ಇರುತ್ತದೆ. ಬಾಗಿಲ ಹತ್ತಿರದ ನೆಲವನ್ನು ಲೆಕ್ಕ ಹಿಡಿದರೆ ಕಮೋಡ್ ಎತ್ತರವಾಗಿಬಿಡಬಹುದು. ಕಮೋಡಿನ ಮುಂದೆ ಕಾಲಿಡುವ ಜಾಗದಲ್ಲಿ ನೆಲ ಎಷ್ಟಕ್ಕೆ ಬರುತ್ತದೆ ಎಂದು ಟೈಲ್ಸ್ ಹಾಕುವವರನ್ನೇ ಕೇಳಿ, ಅಲ್ಲಿಂದ ಅಳೆಯಿರಿ.

ಸಾಮಾನ್ಯವಾಗಿ ಕಮೋಡಿನ ಅಂಚು ನೆಲದಿಂದ 40 ಸೆಂ.ಮೀ. ಇರುತ್ತದೆ. ನಮ್ಮ ಅಮ್ಮನಿಗೆ ಮಂಡಿ ನೋವು, ತಗ್ಗಿನಿಂದ ಏಳುವುದು ಕಷ್ಟ. ಅದಕ್ಕೆ ಫ್ರೇಮಿನ ಕಾಲು ಉದ್ದ ಮಾಡಿ 3 ಸೆಂ.ಮೀ. ಎತ್ತರಿಸಿದೆವು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಪಾದ ನೆಲಕ್ಕೆ ಸರಿಯಾಗಿ ಊರುತ್ತದಾ ನೋಡಿ ಆಮೇಲೆ ಗೆರೆ ಎಳೆಯಿರಿ.

ಫ್ರೇಮಿನ ಕಾಲು ಎಲ್ಲಿ ಊರುತ್ತದೆ?

ಕೂತವರ ಭಾರ ಫ್ರೇಮಿನ ಎರಡು ಕಾಲುಗಳ ಮೂಲಕ ನೆಲಕ್ಕೆ ಇಳಿಯಬೇಕು. ಗೋಡೆಗೆ ಹೊಡೆಯುವ ಮೇಲಿನ ಎರಡು ಬೋಲ್ಟುಗಳು ಫ್ರೇಮ್ ಮುಂದಕ್ಕೆ ವಾಲದಂತೆ ಹಿಡಿಯುತ್ತವೆ. ನಮ್ಮ ಕಡೆಯ ಮಹಡಿ ಬಚ್ಚಲುಗಳಲ್ಲಿ ತೊಂದರೆ ಹುಟ್ಟುವುದು ಈ ಕಾಲುಗಳಲ್ಲೇ. ಸ್ಲ್ಯಾಬ್ ಒಂದಡಿಯಷ್ಟು ತಗ್ಗಿನಲ್ಲಿರುತ್ತದೆ, ಅದರೊಳಗೆ ಪೈಪ್ ಹಾಕಿ ಇಟ್ಟಿಗೆ ಚೂರು ತುಂಬಿ ಮೇಲೆ ತೆಳುವಾಗಿ ಕಾಂಕ್ರೀಟು ಎಳೆದಿರುತ್ತಾರೆ. ಆ ತೆಳು ಪದರದ ಮೇಲೆ ಕಾಲು ಊರಿದರೆ ದಿನ ಕಳೆದಂತೆ ಅದು ಕುಸಿಯುತ್ತದೆ. ಕಮೋಡ್ ಮುಂದಕ್ಕೆ ಬಾಗಿ, ಅದರ ಮೇಲಂಚಿನ ಟೈಲ್ಸ್ ಬಳಿ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ.

ಅಕ್ಕನ ಮನೆಯಲ್ಲಿ ಆ ಜಾಗದ ತುಂಬುವಿಕೆ ಅಗೆದು, ಸ್ಲ್ಯಾಬಿನಿಂದಲೇ ಮೇಲಕ್ಕೆ ಕಾಂಕ್ರೀಟಿನ ದಿಮ್ಮಿ ಎಬ್ಬಿಸಿದೆವು. ಏಳು ದಿನ ನೀರು ಹಾಕಿದ ಮೇಲೆ ಅದಕ್ಕೇ ಬೋಲ್ಟ್ ಹೊಡೆದದ್ದು. ಬೋಲ್ಟ್ ದಿಮ್ಮಿಯಲ್ಲೇ ಮುಗಿಯಬೇಕು. ಸ್ಲ್ಯಾಬಿನ ಮೇಲಿರುವ ವಾಟರ್‌ಪ್ರೂಫಿಂಗ್ ಪದರಕ್ಕೆ ತೂತು ಬಿದ್ದರೆ ಕೆಳಗಿನ ಮನೆಯ ಸೂರಿಗೆ ತೇವ ಇಳಿಯುತ್ತದೆ.

ನಾಲ್ಕೂವರೆ ಇಂಚಿನ ಗೋಡೆಯನ್ನು ಕೊರೆದು ಫ್ರೇಮ್ ಹುದುಗಿಸಲು ಹೋಗಬೇಡಿ, ಗೋಡೆಯಲ್ಲಿ ಏನೂ ಉಳಿಯುವುದಿಲ್ಲ. ಗೋಡೆಯ ಮುಂದೆ ಫ್ರೇಮ್ ನಿಲ್ಲಿಸಿ, ಅದರ ಮುಂದೆ ಸಿಮೆಂಟ್ ಬೋರ್ಡ್ ಹೊಡೆದು ಟೈಲ್ಸ್ ಅಂಟಿಸುವುದು ವಾಸಿ. ಬಚ್ಚಲು ಸ್ವಲ್ಪ ಕಿರಿದಾಗುತ್ತದೆ ನಿಜ. ಬದಲಿಗೆ ಫ್ಲಶ್ ಪ್ಲೇಟಿನ ಮೇಲೆ ಸಾಮಾನು ಇಡಲು ಒಂದು ಕಟ್ಟೆ ಸಿಗುತ್ತದೆ.

ಪೈಪೇ ಫ್ರೇಮಿನ ನಡುವಿಗೆ ಬರಬೇಕು

ಈ ಕೆಲಸದಲ್ಲಿ ಜಾಸ್ತಿ ಕೈಕೊಡುವುದು ಇದೇ ಹಂತ. ನಮ್ಮ ಫ್ರೇಮ್ ನಿಂತಾಗ ಹಳೆಯ ನಾಲ್ಕಿಂಚಿನ ಪೈಪ್ ಅದರ ನಡುವಿನಿಂದ 4 ಸೆಂ.ಮೀ. ಎಡಕ್ಕಿತ್ತು. ‘ಪೈಪ್ ಸ್ವಲ್ಪ ಕಾಯಿಸಿ ಎಳೆದುಬಿಡೋಣ ಅಣ್ಣಾ, ಬಂದುಬಿಡುತ್ತೆ’ ಎಂದರು ಪ್ಲಂಬರ್. ಪಿವಿಸಿ ಪೈಪನ್ನು ಬೆಂಕಿಯಲ್ಲಿ ಕಾಯಿಸಿದರೆ ಬಾಗುತ್ತದೆ, ಸುಳ್ಳಲ್ಲ. ಆದರೆ ಅದರ ದುಂಡು ಕೆಡುತ್ತದೆ, ಪೈಪಿನ ಮೈ ತೆಳುವಾಗುತ್ತದೆ. ಮೊಟ್ಟೆಯಾಕಾರಕ್ಕೆ ತಿರುಗಿದ ಬಾಯಿಯಲ್ಲಿ ರಬ್ಬರ್ ರಿಂಗ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ನೀರು ಸೋರದಿದ್ದರೂ ವಾಸನೆ ಬರುತ್ತದೆ.

ಅದರ ಬದಲು ಪೈಪನ್ನು ಹಿಂದಕ್ಕೆ ಕತ್ತರಿಸಿ, ಎರಡು 45 ಡಿಗ್ರಿ ಬೆಂಡ್ ಹಾಕಿ ಹೊಸದಾಗಿ ಫ್ರೇಮಿನ ನಡುವಿಗೆ ತಂದೆವು. ಒಂದೇ 90 ಡಿಗ್ರಿ ಬೆಂಡಿಗಿಂತ ಎರಡು 45 ಒಳ್ಳೆಯದು, ಹೊಲಸು ತಿರುವಿನಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಹೊರಗಿನ ನಿಲುಪೈಪಿಗೆ ಎರಡು ಮೀಟರ್ ದೂರ. ಅಷ್ಟಕ್ಕೆ 3.5 ಸೆಂ.ಮೀ. ಇಳಿಜಾರು ಕೊಟ್ಟೆವು.

ಫ್ರೇಮಿನ ಜೊತೆ ಬರುವ ಬೆಂಡಿನ ಬಾಯಿ 9 ಸೆಂ.ಮೀ. ಇದ್ದು, ಅದನ್ನು 11 ಸೆಂ.ಮೀ. ಪೈಪಿಗೆ ಸೇರಿಸಲು ಒಂದು ಅಡಾಪ್ಟರ್ ಕೊಟ್ಟಿದ್ದರು. ಬೆಂಡನ್ನು ಫ್ರೇಮಿನ ಕ್ಲಿಪ್ಪಿನಲ್ಲಿ ಕೂರಿಸಿದಾಗ ಅದು ತಾನಾಗಿ ನೇರ ನಿಲ್ಲಬೇಕು. ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತದೆ ಅಂದರೆ ಹಿಂದಿನ ಪೈಪ್ ಸರಿಯಿಲ್ಲ ಎಂದೇ ಲೆಕ್ಕ. ಕೊನೆಗೆ ಸ್ಪಿರಿಟ್ ಲೆವೆಲನ್ನು ಎರಡು ಬೋಲ್ಟುಗಳ ಮೇಲಿಟ್ಟು ಅಡ್ಡಕ್ಕೆ, ಫ್ರೇಮಿನ ಮುಖಕ್ಕಿಟ್ಟು ನೆಟ್ಟಗೆ ನೋಡಿ.

ಗೋಡೆ ಮುಚ್ಚುವ ಮೊದಲು ತೊಟ್ಟಿಗೆ ನೀರಿನ ಲೈನ್ ಕೊಟ್ಟು ಒಂದು ರಾತ್ರಿ ಒತ್ತಡದಲ್ಲಿ ಬಿಡಿ. ಹೊರಹೋಗುವ ಪೈಪಿಗೆ ಹತ್ತು ಬಕೆಟ್ ನೀರು ಸುರಿದು ಪ್ರತಿ ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಆಮೇಲೆ ಎರಡೂ ಬಾಯಿಗೆ ಮುಚ್ಚಳ ಹಾಕಿ. ಟೈಲ್ಸಿನವರ ಗಾರೆ ಒಳಗೆ ಬಿದ್ದರೆ ತೆಗೆಯುವುದು ಬಹಳ ಕಷ್ಟ. ಫ್ಲಶ್ ಪ್ಲೇಟ್ ಬರುವ ಜಾಗದ ಪ್ಲಾಸ್ಟಿಕ್ ಡಬ್ಬಿಯನ್ನೂ ತೆಗೆಯಬೇಡಿ. ಮುಂದೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ವಾಲ್ವ್ ಕೆಟ್ಟರೆ ಕೈ ಹಾಕಲು ಇರುವುದು ಆ ಒಂದೇ ಕಿಂಡಿ.

ಎರಡು ತುಂಡು ಪೈಪ್ ಕತ್ತರಿಸುವುದು

ಟೈಲ್ಸ್ ಮುಗಿದು ಗ್ರೌಟ್ ಒಣಗಿದ ಮೇಲೆ ಕಮೋಡಿನ ಸರದಿ. ಗೋಡೆ ಮತ್ತು ಕಮೋಡಿನ ನಡುವೆ ಎರಡು ತುಂಡು ಪೈಪ್ ಬರುತ್ತವೆ, ತೆಳ್ಳಗಿನದು ನೀರಿಗೆ, ದಪ್ಪದ್ದು ಹೊಲಸಿಗೆ. ಎರಡೂ ಬೇಕೆಂದೇ ಉದ್ದ ಇರುತ್ತವೆ, ನಿಮ್ಮ ಗೋಡೆಯ ದಪ್ಪಕ್ಕೆ ತಕ್ಕಂತೆ ಕತ್ತರಿಸಬೇಕು. ಉದ್ದ ಉಳಿದರೆ ಕಮೋಡ್ ಗೋಡೆಗೆ ತಾಗುವುದಿಲ್ಲ, ಬೋಲ್ಟ್ ಬಿಗಿದರೆ ಪಿಂಗಾಣಿ ಸೀಳುತ್ತದೆ. ಗಿಡ್ಡವಾದರೆ ರಬ್ಬರ್ ರಿಂಗಿನ ತುದಿಯಲ್ಲಷ್ಟೇ ನಿಂತು, ಪ್ರತಿ ಫ್ಲಶ್ಶಿಗೂ ಗೋಡೆಯೊಳಗೆ ಹನಿ ಬೀಳುತ್ತದೆ.

ದಪ್ಪ ಪೈಪನ್ನು ಕಮೋಡಿಗೆ ಪೂರ್ತಿ ಒತ್ತಿ ಸಿಕ್ಕಿಸಿ. ಕಮೋಡಿನ ಬೆನ್ನಿಗೆ ಒಂದು ನೇರ ಪಟ್ಟಿ ಅಡ್ಡ ಇಟ್ಟು, ಪೈಪ್ ಅದರಿಂದ ಎಷ್ಟು ಹೊರಗಿದೆ ಅಳೆಯಿರಿ. ನಮ್ಮಲ್ಲಿ 118 ಮಿ.ಮೀ. ಬಂತು. ನಂತರ ಟೈಲ್ಸ್ ಮುಖದಿಂದ ಗೋಡೆಯೊಳಗಿನ ಬಾಯಿಯ ತಳದವರೆಗೆ ಆಳ ಅಳೆಯಿರಿ. ಅದು 70 ಇತ್ತು. ತಳಕ್ಕೆ ಗುದ್ದಿಕೊಳ್ಳದಂತೆ 5 ಬಿಟ್ಟರೆ ಹೊರಗಿರಬೇಕಾದದ್ದು 65. ಕತ್ತರಿಸಬೇಕಾದದ್ದು 53 ಮಿ.ಮೀ. ತೆಳ್ಳನೆಯ ಪೈಪಿಗೂ ಹೀಗೆಯೇ ಬೇರೆಯಾಗಿ ಅಳೆಯಿರಿ. ಎರಡಕ್ಕೂ ಒಂದೇ ಲೆಕ್ಕ ಎಂದುಕೊಂಡರೆ ತಪ್ಪುತ್ತದೆ. ಕತ್ತರಿಸುವುದು ಗೋಡೆಗೆ ಹೋಗುವ ತುದಿಯನ್ನು, ರಬ್ಬರ್ ಇರುವ ತುದಿಯನ್ನಲ್ಲ.

ಕತ್ತರಿಸಿದ ಅಂಚು ನೇರ ಬರಲು ಪೈಪಿಗೆ ಒಂದು ಕಾಗದದ ಪಟ್ಟಿ ಸುತ್ತಿ ಅದರ ಅಂಚಿಗೇ ಗರಗಸ ಎಳೆಯಿರಿ. ಆಮೇಲೆ ಅರದಿಂದ ಹೊರಅಂಚನ್ನು ಓರೆಯಾಗಿ ಉಜ್ಜಿ. ಬೆರಳು ಸವರಿದರೆ ಎಲ್ಲೂ ತರಚಬಾರದು. ಚೂಪಾದ ಅಂಚು ಒಳಗೆ ಹೋಗುವಾಗ ರಬ್ಬರ್ ರಿಂಗನ್ನು ಮಡಚಿಬಿಡುತ್ತದೆ, ಅದು ಹೊರಗಿನಿಂದ ಕಾಣುವುದೇ ಇಲ್ಲ. ಜಾರಲು ಸೋಪಿನ ನೀರು ಸವರಿ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ನೇತುಹಾಕಿ ನೋಡುವುದು

ಇಬ್ಬರು ಬೇಕು. ಬೋಲ್ಟಿಗೆ ಪ್ಲಾಸ್ಟಿಕ್ ತೋಳು, ಗೋಡೆಗೆ ಫೋಮ್ ಹಾಳೆ ಹಾಕಿ, ಕಮೋಡನ್ನು ನೇರವಾಗಿ ಒಳಗೆ ತಳ್ಳಿ. ಕೈಯ ಬಲಕ್ಕೇ ಅದು ಗೋಡೆಗೆ ಬಂದು ಕೂರಬೇಕು. ಒಂದು ಬೆರಳಷ್ಟು ಸಂದು ಉಳಿದರೆ ನಟ್ ಬಿಗಿದು ಎಳೆಯಬೇಡಿ. ಹೊರಗೆ ತೆಗೆದು ಮತ್ತೆ ಅಳೆಯಿರಿ. ನಾವೂ ಒಮ್ಮೆ ತೆಗೆದೆವು, ತೆಳ್ಳನೆಯ ಪೈಪ್ 4 ಮಿ.ಮೀ. ಉದ್ದ ಉಳಿದಿತ್ತು. ನಟ್ಟುಗಳನ್ನು ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಎಂದು ಬಿಗಿಯಿರಿ. ಕಮೋಡ್ ಅಲುಗುವುದು ನಿಂತ ಕೂಡಲೇ ನಿಲ್ಲಿಸಿ.

ಈಗ ತೊಟ್ಟಿಯ ನೀರಿಗೆ ಬಟ್ಟೆಗೆ ಹಾಕುವ ನೀಲಿ ಸ್ವಲ್ಪ ಬೆರೆಸಿ. ಕಮೋಡಿನ ಕೆಳಗೆ, ಗೋಡೆಗೆ ತಾಗುವ ಅಂಚಿನುದ್ದಕ್ಕೂ ಬಿಳಿ ಟಿಶ್ಯೂ ಸಿಕ್ಕಿಸಿ ಹತ್ತು ಸಲ ಫ್ಲಶ್ ಮಾಡಿ. ಟಿಶ್ಯೂ ಮೇಲೆ ನೀಲಿ ಕಂಡರೆ ಪೈಪಿನ ರಿಂಗ್ ಮಡಚಿದೆ. ಫ್ಲಶ್ ಮಾಡದೆ ಬಿಟ್ಟಾಗಲೂ ಕಮೋಡಿನ ಒಳಗೆ ನೀಲಿ ಗೆರೆ ಇಳಿಯುತ್ತಿದ್ದರೆ ತೊಟ್ಟಿಯ ವಾಷರ್ ಸರಿಯಾಗಿ ಕೂತಿಲ್ಲ. ಅದನ್ನು ಫ್ಲಶ್ ಪ್ಲೇಟಿನ ಕಿಂಡಿಯಿಂದಲೇ ಸರಿಮಾಡಬಹುದು.

ರಾತ್ರಿ ಕಳೆದು ಬೆಳಿಗ್ಗೆಯೂ ಟಿಶ್ಯೂ ಒಣಗೇ ಇದ್ದರೆ ಸಿಲಿಕೋನ್ ಹಚ್ಚಿ. ಬಿಳಿ ಸಿಮೆಂಟ್ ಬೇಡ, ಅದು ಬಿರಿಯುತ್ತದೆ. ಮೇಲೆ ಮತ್ತು ಎರಡು ಪಕ್ಕ ಹಚ್ಚಿದರೆ ಸಾಕು. ಕೆಳಗಿನ ಅಂಚನ್ನು ಹಾಗೇ ತೆರೆದು ಬಿಡಿ. ಮುಂದೆ ಎಂದಾದರೂ ರಿಂಗ್ ಸೋರಿದರೆ ನೀರು ಗೋಡೆಯೊಳಗೆ ಅಡಗದೆ ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ನಿಮ್ಮ ಕಣ್ಣಿಗೆ ಬೀಳುತ್ತದೆ.