ಭಾವನವರ ನಿವೃತ್ತಿ ಹಣಕ್ಕೆ ಕಟ್ಟಿದ ಏಣಿ

ನನ್ನ ಭಾವನವರು ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದಲ್ಲಿ ಮ್ಯಾನೇಜರ್ ಆಗಿದ್ದು, 2024ರ ಜನವರಿ ಕೊನೆಯಲ್ಲಿ 60 ತುಂಬಿ ನಿವೃತ್ತರಾದರು. ತೋಟದ ಕೆಲಸದಲ್ಲಿ ಸರ್ಕಾರಿ ನೌಕರರಿಗಿರುವಂಥ ಪಿಂಚಣಿ ಇರುವುದಿಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿ ಮತ್ತು ಅವರ ಹಳೆಯ ಉಳಿತಾಯ ಎಲ್ಲ ಸೇರಿ ಕೈಗೆ ಬಂದದ್ದು 48 ಲಕ್ಷ ರೂಪಾಯಿ. ಭವಿಷ್ಯನಿಧಿಯ ಜೊತೆಗೆ ಸಿಗುವ ಇಪಿಎಸ್ ಪಿಂಚಣಿ ತಿಂಗಳಿಗೆ 3,600 ರೂಪಾಯಿ. ತೋಟದ ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆಗೆ ಬಂದದ್ದರಿಂದ ಬಾಡಿಗೆಯ ಚಿಂತೆ ಇರಲಿಲ್ಲ. ಅಕ್ಕನೇ ಕೂತು ಮನೆ ಖರ್ಚು ಬರೆದಾಗ ತಿಂಗಳಿಗೆ 27,000 ಬೇಕೆಂದು ಲೆಕ್ಕ ಬಂತು. ಬ್ಯಾಂಕಿನಲ್ಲಿ ಠೇವಣಿ ವಿಭಾಗದಲ್ಲೇ ಹೆಚ್ಚು ವರ್ಷ ಕಳೆದವನಾದ್ದರಿಂದ ಈ ಹಣವನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ನಾನು ಭಾವನವರಿಗೆ ಬಿಡಿಸಿ ಹೇಳಿದ್ದು ಒಂದೇ ಸಂಗತಿ. ಅಸಲನ್ನು ಎಲ್ಲೆಲ್ಲಿ, ಎಷ್ಟೆಷ್ಟು ವರ್ಷಕ್ಕೆ ಇಡಬೇಕು ಎಂಬುದು ಒಂದು ಪ್ರಶ್ನೆ. ತಿಂಗಳ ಮೊದಲ ವಾರದಲ್ಲಿ ಅಕ್ಕನ ಕೈಗೆ ಹಣ ಬರುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಒಂದೇ ಠೇವಣಿಯಿಂದ ಸಾಧಿಸಲು ಹೊರಟವರು ಸಾಮಾನ್ಯವಾಗಿ ಎಲ್ಲ ಹಣವನ್ನೂ ಒಂದೇ ದಿನ, ಒಂದೇ ಅವಧಿಗೆ, ಮಾಸಿಕ ಬಡ್ಡಿಯ ಠೇವಣಿಯಲ್ಲಿ ಇಟ್ಟುಬಿಡುತ್ತಾರೆ. ಅವಧಿ ಮುಗಿಯುವ ದಿನ ಬಡ್ಡಿದರ ಇಳಿದಿದ್ದರೆ ಆಗ ಇಡೀ ಸಂಸಾರದ ಆದಾಯವೇ ಒಮ್ಮೆಲೇ ಇಳಿಯುತ್ತದೆ. ಹಣವನ್ನು ಬೇರೆ ಬೇರೆ ವರ್ಷಕ್ಕೆ ಮುಗಿಯುವ ಭಾಗಗಳಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಡುವ ಏಣಿಯ ಉಪಯೋಗ ಇರುವುದು ಇಲ್ಲಿ: ಪ್ರತಿ ವರ್ಷ ಹಣದ ಒಂದು ಸಣ್ಣ ಭಾಗ ಮಾತ್ರ ಆ ವರ್ಷದ ಬಡ್ಡಿದರಕ್ಕೆ ಒಡ್ಡಿಕೊಳ್ಳುತ್ತದೆ.

ಹಣವನ್ನು ಹಂಚಿದ್ದು ಹೀಗೆ. 20 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು. ಆಗ ಅದರ ದರ ಶೇಕಡ 8.2, ಅವಧಿ 5 ವರ್ಷ. 15 ಲಕ್ಷವನ್ನು ತಲಾ 3 ಲಕ್ಷದ ಐದು ನಿಶ್ಚಿತ ಠೇವಣಿಗಳಾಗಿ 1, 2, 3, 4 ಮತ್ತು 5 ವರ್ಷಗಳಿಗೆ ಇಟ್ಟೆವು. 8 ಲಕ್ಷವನ್ನು ರಾಜ್ಯ ಸರ್ಕಾರಗಳು ಸಾಲ ಎತ್ತಲು ಹೊರಡಿಸುವ ಬಾಂಡ್‌ಗಳಿಗೆಂದು ತೆಗೆದಿಟ್ಟೆವು. ಉಳಿದ 5 ಲಕ್ಷದಲ್ಲಿ ಮೂರೂವರೆ ಲಕ್ಷ ಆಸ್ಪತ್ರೆ ಖರ್ಚಿನಂಥ ತುರ್ತಿಗೆ, ಒಂದೂವರೆ ಲಕ್ಷ ಉಳಿತಾಯ ಖಾತೆಗೆ.

ಹಿರಿಯ ನಾಗರಿಕರ ಯೋಜನೆಯಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಅವಕಾಶವಿರುವಾಗ 20ಕ್ಕೇ ಏಕೆ ನಿಲ್ಲಿಸಿದಿರಿ ಎಂದು ಕೇಳಿದವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. 30 ಲಕ್ಷವನ್ನೂ ಒಂದೇ ದಿನ ಹಾಕಿದ್ದರೆ ಅಷ್ಟೂ 2029ರ ಫೆಬ್ರವರಿಯಲ್ಲಿ ಒಟ್ಟಿಗೆ ಮುಗಿಯುತ್ತಿತ್ತು, ಮುಂದಿನ ದರ ಆ ದಿನದ್ದೇ ಆಗುತ್ತಿತ್ತು. ನಡುವೆ ಮುರಿದರೆ ಒಂದು ವರ್ಷದ ನಂತರ ಅಸಲಿನ ಶೇಕಡ 1.5, ಎರಡು ವರ್ಷದ ನಂತರ ಶೇಕಡ 1 ಕಡಿತವಾಗುತ್ತದೆ. ಈ ಯೋಜನೆಯಲ್ಲಿ ಒಬ್ಬರು ಒಂದಕ್ಕಿಂತ ಹೆಚ್ಚು ಖಾತೆ ತೆರೆಯಬಹುದು, ಒಟ್ಟು ಮೊತ್ತ ಮಿತಿಯೊಳಗಿದ್ದರೆ ಸಾಕು. ಆದ್ದರಿಂದ ಉಳಿದ 10 ಲಕ್ಷದ ಜಾಗವನ್ನು ಖಾಲಿ ಬಿಟ್ಟು, ಬ್ಯಾಂಕ್ ಠೇವಣಿಯ ಮೆಟ್ಟಿಲುಗಳು ಮುಗಿದಂತೆ ಒಂದೊಂದನ್ನೇ ಅಲ್ಲಿಗೆ ಸರಿಸುವುದು ನನ್ನ ಲೆಕ್ಕಾಚಾರ. ಸರ್ಕಾರ ಮೂರು ತಿಂಗಳಿಗೊಮ್ಮೆ ಈ ದರವನ್ನು ಪರಿಶೀಲಿಸುವುದರಿಂದ, ಕಾಯುವಷ್ಟರಲ್ಲಿ ದರ ಇಳಿಯುವ ಅಪಾಯ ಇದ್ದೇ ಇತ್ತು. ಮೊದಲ ದಿನವೇ 30 ಲಕ್ಷ ಹಾಕಿ ಹೆಚ್ಚಿನ ಬಡ್ಡಿ ಪಡೆಯುವುದೇ ಸರಿ ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಮನೆಯ ಹಂಚು ಬದಲಿಸುವ ಮಾತು ಆಗಲೇ ನಡೆಯುತ್ತಿದ್ದುದರಿಂದ, ಸುಲಭವಾಗಿ ಮುರಿಯಬಹುದಾದ ಸಣ್ಣ ಠೇವಣಿಗಳು ಇರಲಿ ಎಂದು ನನಗೆ ಅನಿಸಿತು.

ಐದು ಠೇವಣಿಗಳ ವಿಷಯದಲ್ಲಿ ಹೆಚ್ಚು ಯೋಚಿಸಿದ್ದು ವಿಮೆಯ ಬಗ್ಗೆ. ಠೇವಣಿ ವಿಮಾ ನಿಗಮದ ರಕ್ಷಣೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅಸಲು, ಬಡ್ಡಿ ಎರಡೂ ಸೇರಿ 5 ಲಕ್ಷ. ಅದೇ ಬ್ಯಾಂಕಿನ ಎಲ್ಲ ಶಾಖೆಗಳ ಲೆಕ್ಕವೂ ಉಳಿತಾಯ ಖಾತೆಯ ಹಣವೂ ಇದರಲ್ಲಿ ಕೂಡುತ್ತವೆ. ಹಾಗೆಂದು ಐದು ಬ್ಯಾಂಕುಗಳಲ್ಲಿ ಐದು ಖಾತೆ ತೆರೆದರೆ, ಮುಂದೆ ಭಾವನವರಿಗೆ ಓಡಾಡಲಾಗದ ಕಾಲದಲ್ಲಿ ಅದೇ ಹೊರೆಯಾಗುತ್ತದೆ. ಜಂಟಿ ಖಾತೆಯಲ್ಲಿ ಹೆಸರುಗಳ ಕ್ರಮ ಬದಲಾದರೆ ವಿಮೆಯ ಮಟ್ಟಿಗೆ ಅದು ಬೇರೆ ಲೆಕ್ಕವೆಂದು ಪರಿಗಣಿತವಾಗುತ್ತದೆ. ಹೀಗಾಗಿ ಮೂರೇ ಬ್ಯಾಂಕುಗಳನ್ನು ಆರಿಸಿ, ಒಂದು ಠೇವಣಿಯಲ್ಲಿ ಭಾವನವರ ಹೆಸರು ಮೊದಲು, ಇನ್ನೊಂದರಲ್ಲಿ ಅಕ್ಕನ ಹೆಸರು ಮೊದಲು ಬರುವಂತೆ ಮಾಡಿದೆ. ಎಲ್ಲವೂ ‘ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಉಳಿದವರು’ ಎಂಬ ಷರತ್ತಿನವು.

ಭಾವನವರಿಗೆ ಊರಿನ ಸಹಕಾರ ಸಂಘದಲ್ಲೂ ಒಂದಿಷ್ಟು ಇಡುವ ಮನಸ್ಸಿತ್ತು.

“ನಮ್ಮ ಸಂಘದಲ್ಲಿ ಬಡ್ಡಿ ಜಾಸ್ತಿ ಕೊಡ್ತಾರೆ, ಎಲ್ಲ ಗೊತ್ತಿರೋ ಜನ ಕಣಯ್ಯ,” ಎಂದರು.

“ಜನ ಒಳ್ಳೆಯವರೇ ಭಾವ. ಆದರೆ ಪತ್ತಿನ ಸಹಕಾರ ಸಂಘದ ಠೇವಣಿಗೆ ಆ 5 ಲಕ್ಷದ ವಿಮೆ ಇಲ್ಲ. ನಿಮ್ಮ ಕೃಷಿ ವಹಿವಾಟಿಗೆ ಬೇಕಾದಷ್ಟು ಅಲ್ಲಿರಲಿ, ಊಟದ ಹಣ ಬೇಡ,” ಎಂದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಠೇವಣಿಗಳಿಗೆ ಮಾಸಿಕ ಬಡ್ಡಿಯನ್ನೇ ಕೇಳಿದೆವು. ಇಲ್ಲಿ ಹಲವರು ಬ್ಯಾಂಕಿನವರೊಡನೆ ಜಗಳಕ್ಕೆ ನಿಲ್ಲುವ ಒಂದು ಸಂಗತಿಯಿದೆ. 3 ಲಕ್ಷಕ್ಕೆ ಶೇಕಡ 7ರಂತೆ ತಿಂಗಳಿಗೆ 1,750 ಬರಬೇಕಲ್ಲ, ಖಾತೆಗೆ 1,740 ಮಾತ್ರ ಬಂದಿದೆ ಎಂಬುದು ದೂರು. ಬ್ಯಾಂಕಿನ ಬಡ್ಡಿ ಮೂರು ತಿಂಗಳಿಗೊಮ್ಮೆ ಸಲ್ಲಬೇಕಾದದ್ದು. ಅದನ್ನು ಮೊದಲೇ ತಿಂಗಳು ತಿಂಗಳು ಕೊಡುವಾಗ ಅಷ್ಟು ದಿನದ ಮಟ್ಟಿಗೆ ವಟಾಯಿಸಿ, ಅಂದರೆ ತುಸು ಕಡಿದು, ಕೊಡುತ್ತಾರೆ. ನಮ್ಮ ಐದು ಠೇವಣಿಗಳ ದರಗಳು ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಲೆಕ್ಕಕ್ಕೆ ಸರಾಸರಿ 7 ಎಂದು ಹಿಡಿದರೆ ತಿಂಗಳಿಗೆ ಸುಮಾರು 8,700 ರೂಪಾಯಿ. ಮುಗಿಯುವ ತಿಂಗಳು ಎಲ್ಲಕ್ಕೂ ಫೆಬ್ರವರಿ. ಜುಲೈ, ಆಗಸ್ಟ್ ತಿಂಗಳಲ್ಲಿ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ, ರಸ್ತೆ ಬಂದ್ ಆಗುವ ಜಿಲ್ಲೆಯಲ್ಲಿ ಠೇವಣಿ ನವೀಕರಣದ ದಿನವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಜಾಣತನವಲ್ಲ.

ಬಾಂಡ್‌ಗಳನ್ನು ಕೊಂಡದ್ದು ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್ ಖಾತೆಯಿಂದ. 2021ರ ನವೆಂಬರ್‌ನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಖಾತೆಗೆ ಶುಲ್ಕವಿಲ್ಲ, ಕನಿಷ್ಠ ಮೊತ್ತ 10,000 ರೂಪಾಯಿ. ಹರಾಜಿನಲ್ಲಿ ನಮ್ಮಂಥವರು ದರ ಕೂಗಬೇಕಾಗಿಲ್ಲ. ಮೊತ್ತ ಮಾತ್ರ ನಮೂದಿಸಿದರೆ ದೊಡ್ಡವರು ಕೂಗಿದ ದರಗಳ ಸರಾಸರಿಗೆ ಸಿಗುತ್ತದೆ. ಬಡ್ಡಿ ಆರು ತಿಂಗಳಿಗೊಮ್ಮೆ, ಬಾಂಡ್ ಹೊರಡಿಸಿದ ದಿನಾಂಕದಿಂದ ಎಣಿಸಿ ಬರುತ್ತದೆ. ಹಿರಿಯ ನಾಗರಿಕರ ಯೋಜನೆಯ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿ 1ರಂದು ಬರುವುದರಿಂದ, ಬಾಂಡ್‌ಗಳ ಬಡ್ಡಿ ಬೇರೆ ತಿಂಗಳುಗಳಲ್ಲಿ ಬರಲೆಂದು 4 ಲಕ್ಷದ ಒಂದನ್ನು ಮೇ ತಿಂಗಳ ಹರಾಜಿನಲ್ಲಿ, ಇನ್ನೊಂದನ್ನು ಆಗಸ್ಟ್‌ನಲ್ಲಿ ತೆಗೆದುಕೊಂಡೆವು. ಅಲ್ಲಿಯವರೆಗೆ ಆ ಹಣ ಅಲ್ಪಾವಧಿ ಠೇವಣಿಯಲ್ಲಿತ್ತು. ಆಗಸ್ಟ್‌ನ ವಾರದಲ್ಲಿ ಅವರ ಕಡೆ ಕರೆಂಟಿಲ್ಲದೆ, ಇಬ್ಬರೂ ಕುಶಾಲನಗರದ ನಮ್ಮ ಮನೆಗೆ ಬಂದು ಕೂತು ಬಿಡ್ ಹಾಕಿದರು. ಎರಡಕ್ಕೂ 7ಕ್ಕಿಂತ ತುಸು ಹೆಚ್ಚೇ ಸಿಕ್ಕಿತು. ಲೆಕ್ಕದಲ್ಲಿ 7 ಎಂದೇ ಇಟ್ಟುಕೊಂಡೆ. ಹಾಗೆ ಒಂದೊಂದು ಬಾಂಡ್ ಆರು ತಿಂಗಳಿಗೆ 14,000 ರೂಪಾಯಿ ತರುತ್ತದೆ.

ಈ ಬಾಂಡ್‌ಗಳನ್ನು ತುರ್ತಿನ ಹಣವೆಂದು ಎಣಿಸಬಾರದು. ಕಾಗದದ ಮೇಲೆ ಯಾವಾಗ ಬೇಕಾದರೂ ಮಾರಬಹುದಾದರೂ ಸಣ್ಣ ಮೊತ್ತಕ್ಕೆ ಕೊಳ್ಳುವವರು ಸಿಗುವುದು ಕಷ್ಟ. ಮೇಲಾಗಿ ಮಾರುಕಟ್ಟೆಯ ದರ ಶೇಕಡ 8ಕ್ಕೆ ಏರಿದರೆ, ಹತ್ತು ವರ್ಷ ಬಾಕಿಯಿರುವ ಶೇಕಡ 7ರ ಬಾಂಡಿನ ಬೆಲೆ ನೂರಕ್ಕೆ 93ರ ಆಸುಪಾಸಿಗೆ ಇಳಿಯುತ್ತದೆ; 4 ಲಕ್ಷದ ಬಾಂಡ್ ಮಾರಿದರೆ ಸುಮಾರು 27,000 ನಷ್ಟ. ಅವಧಿ ಮುಗಿಯುವವರೆಗೆ ಇಟ್ಟುಕೊಂಡವರಿಗೆ ಈ ಏರಿಳಿತ ತಟ್ಟುವುದಿಲ್ಲ. ಮೂರೂವರೆ ಲಕ್ಷವನ್ನು ಬೇರೆಯಾಗಿ ಇಟ್ಟದ್ದು ಇದಕ್ಕಾಗಿಯೇ.

ಇಷ್ಟಾದರೂ ಹಣ ಬರುವುದು ಏರುಪೇರಾಗಿಯೇ. ಏಪ್ರಿಲ್‌ನಲ್ಲಿ ಯೋಜನೆಯ 41,000 ಮತ್ತು ಠೇವಣಿಗಳ 8,700. ಮೇಯಲ್ಲಿ ಬಾಂಡ್ ಸೇರಿ 22,700. ಜೂನ್‌ನಲ್ಲಿ ಬರೀ 8,700. ಬಡ್ಡಿಯ ತಿಂಗಳುಗಳನ್ನು ಇನ್ನೂ ಅಚ್ಚುಕಟ್ಟಾಗಿ ಹೊಂದಿಸಬಹುದು, ಆದರೆ ಅದು ಲೆಕ್ಕಪುಸ್ತಕಕ್ಕೆ ಚೆಂದವೇ ಹೊರತು ಮನೆಗೆ ಅಗತ್ಯವಲ್ಲ ಎಂಬುದು ನನ್ನ ಅಭಿಪ್ರಾಯ. ನಿಜವಾಗಿ ಕೆಲಸ ಮಾಡಿದ್ದು ಒಂದೂವರೆ ಲಕ್ಷದ ಆ ಉಳಿತಾಯ ಖಾತೆ. ಎಲ್ಲ ಬಡ್ಡಿಯೂ ಅದಕ್ಕೇ ಬರುತ್ತದೆ. ಅಲ್ಲಿಂದ ಪ್ರತಿ ತಿಂಗಳು 5ರಂದು, ಪಿಂಚಣಿ ಕೂಡಿದರೆ ಮನೆ ಖರ್ಚಿಗೆ ಸಾಕಾಗುವಂತೆ, 24,000 ರೂಪಾಯಿ ಅಕ್ಕನ ಮನೆ ಖರ್ಚಿನ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟಿದ್ದೇವೆ. ತೋಟದಲ್ಲಿ ವಾರ ವಾರ ಕೆಲಸಗಾರರಿಗೆ ಬಟವಾಡೆ ಮಾಡಿಸುತ್ತಿದ್ದ ಭಾವನವರು ಇದನ್ನು ಬಟವಾಡೆ ಖಾತೆ ಎಂದೇ ಕರೆಯುತ್ತಾರೆ.

ಈ ಮೀಸಲು ಏಕೆ ಬೇಕೆಂಬುದು ಮೊದಲ ವರ್ಷದಲ್ಲೇ ಕಾಣುತ್ತದೆ. ಫೆಬ್ರವರಿ ಮಧ್ಯದಲ್ಲಿ ತೆರೆದ ಯೋಜನೆಯ ಖಾತೆಗೆ ಏಪ್ರಿಲ್ 1ರಂದು ಪೂರ್ತಿ 41,000 ಬರದೆ ಅಷ್ಟು ದಿನದ ಬಡ್ಡಿ ಮಾತ್ರ, ಸುಮಾರು 22,000, ಬಂತು. ಬಾಂಡ್‌ಗಳ ಮೊದಲ ಬಡ್ಡಿ ನವೆಂಬರ್‌ವರೆಗೂ ಇಲ್ಲ. ಖಾತೆಯ ಶಿಲ್ಕು ಇಳಿಯುತ್ತ ಹೋಗಿ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷದ ಹತ್ತಿರ ನಿಂತಿತು. ಭಾವನವರು ಪಾಸ್‌ಬುಕ್ ಹಿಡಿದು ಗಾಬರಿಯಾದದ್ದು ಆಗಲೇ. ಆ ನಂತರ ಪ್ರತಿ ಮೂರು ತಿಂಗಳಿಗೆ ಬರುವುದು 81,100, ಹೋಗುವುದು 72,000. ಉಳಿಯುವ ಒಂಬತ್ತು ಸಾವಿರ ಚಿಲ್ಲರೆಯನ್ನು ವರ್ಷದ ಕೊನೆಯಲ್ಲಿ ಮುಗಿಯುವ ಮೆಟ್ಟಿಲಿಗೆ ಸೇರಿಸುತ್ತೇವೆ. ಬೆಲೆಯೇರಿಕೆಗೆ ಈ ಏಣಿ ಕೊಡುವ ಉತ್ತರ ಇಷ್ಟೇ, ಮತ್ತು ಇದು ಸಾಲದು. ಹತ್ತು ವರ್ಷದ ಬಳಿಕ 27,000ಕ್ಕೆ ಇಂದಿನ ಸಾಮಾನು ಬರುವುದಿಲ್ಲ ಎಂಬುದು ಭಾವನವರಿಗೂ ಗೊತ್ತು.

ಏಣಿ ಸದ್ದಿಲ್ಲದೆ ಕೆಡುವುದು ಠೇವಣಿ ರಸೀದಿಯ ಕೆಳಗಿನ ಒಂದು ಸಾಲಿನಿಂದ. ಅವಧಿ ಮುಗಿದಾಗ ಏನು ಮಾಡಬೇಕು ಎಂಬ ಸೂಚನೆ ಅಲ್ಲಿರುತ್ತದೆ. ನಾವು ಏನನ್ನೂ ಹೇಳದಿದ್ದರೆ ಸಾಮಾನ್ಯವಾಗಿ ಅದು ಸ್ವಯಂ ನವೀಕರಣ ಎಂದಿರುತ್ತದೆ. ಹಾಗಿದ್ದರೆ ಒಂದು ವರ್ಷದ ಠೇವಣಿ ಮತ್ತೆ ಒಂದೇ ವರ್ಷಕ್ಕೆ ನವೀಕರಣವಾಗುತ್ತದೆ, ನಾವು ಅಂದುಕೊಂಡಂತೆ ಐದನೆಯ ಮೆಟ್ಟಿಲಿಗೆ ಏರುವುದಿಲ್ಲ. ನವೀಕರಣವೂ ಇಲ್ಲದೆ ಹಣ ಹಾಗೇ ಬಿದ್ದಿದ್ದರೆ ಉಳಿತಾಯ ಖಾತೆಯ ದರ ಅಥವಾ ಒಪ್ಪಂದದ ದರ, ಇವೆರಡರಲ್ಲಿ ಕಡಿಮೆಯದ್ದು ಸಿಗುತ್ತದೆ. ಆದ್ದರಿಂದ ಐದಕ್ಕೂ ‘ಉಳಿತಾಯ ಖಾತೆಗೆ ಜಮಾ’ ಎಂದು ಬರೆಸಿ, ಜನವರಿ ಕೊನೆಯ ವಾರದಲ್ಲಿ ಮುಂದಿನ ಜಾಗ ನಿರ್ಧರಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ. ಏಪ್ರಿಲ್‌ನಲ್ಲಿ ಮೂರೂ ಬ್ಯಾಂಕುಗಳಿಗೆ ಬಡ್ಡಿಯಲ್ಲಿ ತೆರಿಗೆ ಕಡಿಯಬೇಡಿ ಎಂಬ ಘೋಷಣೆ ಕೊಡುವುದು ಇನ್ನೊಂದು ಕೆಲಸ. ಅವರಿಗೆ ತೆರಿಗೆಯೇ ಬರುವುದಿಲ್ಲವಾದರೂ, ಅದನ್ನು ಕೊಡದಿದ್ದರೆ ಯೋಜನೆಯ ಬಡ್ಡಿಯಲ್ಲಿ ಶೇಕಡ 10 ಕಡಿತವಾಗಿ, ರಿಟರ್ನ್ ಸಲ್ಲಿಸಿ ವಾಪಸು ಬರುವವರೆಗೆ ಬಟವಾಡೆ ಖಾತೆ ಸೊರಗುತ್ತದೆ.

2025ರ ಫೆಬ್ರವರಿಯಲ್ಲಿ ಮೊದಲ ಮೆಟ್ಟಿಲು ಮುಗಿಯಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ದರವಾದ ರೆಪೊ ದರವನ್ನು 6.5ರಿಂದ 6.25ಕ್ಕೆ ಇಳಿಸಿತು; ವರ್ಷ ಮುಗಿಯುವಷ್ಟರಲ್ಲಿ ಅದು 5.25ಕ್ಕೆ ಬಂದು, ಠೇವಣಿ ದರಗಳೂ ಹಿಂದೆಯೇ ಇಳಿದವು. ಹಿರಿಯ ನಾಗರಿಕರ ಯೋಜನೆ ಮಾತ್ರ ಆಗಲೂ 8.2ರಲ್ಲೇ ಇದ್ದುದರಿಂದ ಆ 3 ಲಕ್ಷಕ್ಕೆ ಅಲ್ಲಿ ಎರಡನೆಯ ಖಾತೆ ತೆರೆದೆವು. ವರ್ಷಕ್ಕೆ 21,000 ತರುತ್ತಿದ್ದ ಹಣ 24,600 ತರತೊಡಗಿತು. ಆ ಜಾಗ ಇರದೆ, ಮುಕ್ಕಾಲು ಶೇಕಡ ಕಡಿಮೆಗೆ ಬ್ಯಾಂಕಿನಲ್ಲೇ ಇಡಬೇಕಾಗಿದ್ದರೂ ತಿಂಗಳಿಗೆ ಇನ್ನೂರು ರೂಪಾಯಿಯೊಳಗಿನ ಹೊಡೆತ. 15 ಲಕ್ಷವೂ ಒಟ್ಟಿಗೆ ಮುಗಿದಿದ್ದರೆ ಅದು ಒಂಬೈನೂರು ದಾಟುತ್ತಿತ್ತು. ಯೋಜನೆಯಲ್ಲಿ ಇನ್ನು ಉಳಿದಿರುವ ಜಾಗ 7 ಲಕ್ಷ; ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳಿಗೆ ಅದು ಸಾಕು. ನಾಲ್ಕನೆಯದು 2028ರ ಫೆಬ್ರವರಿಯಲ್ಲಿ ಮುಗಿಯುವಾಗ ಬ್ಯಾಂಕಿಗೋ ಬಾಂಡಿಗೋ ಎಂಬುದನ್ನು ಆ ಜನವರಿಯ ದರ ನೋಡಿ ತೀರ್ಮಾನಿಸುತ್ತೇವೆ.