ಷೇರಿನ ಮುಖಬೆಲೆ ಇಳಿಸಿ ಹಳೆಯ ನಷ್ಟ ತೊಡೆಯುವುದು ಹೇಗೆ?

ಈ ವರ್ಷ ಲಾಭ ಬಂದರೂ ಡಿವಿಡೆಂಡ್ ಕೊಡಲಾಗದ ಕಂಪನಿಗಳಿವೆ. ಹಳೆಯ ನಷ್ಟವನ್ನು ಮೊದಲು ತುಂಬಿಕೊಳ್ಳಬೇಕು ಎನ್ನುತ್ತದೆ ಕಾನೂನು. ಆ ನಷ್ಟ ಹತ್ತಾರು ವರ್ಷದ ಲಾಭವನ್ನೇ ನುಂಗುವಷ್ಟಿದ್ದರೆ ಉಳಿಯುವ ದಾರಿ ಬಂಡವಾಳ ಕಡಿತ. ಕಳೆದುಹೋದ ಬಂಡವಾಳ ಕಳೆದುಹೋಗಿದೆ ಎಂದು ಪುಸ್ತಕದಲ್ಲಿ ಒಪ್ಪಿಕೊಳ್ಳುವುದು, ಅಷ್ಟೇ.

ಮೊದಲ ಕೆಲಸ, ಹೋಗಿರುವುದು ಎಷ್ಟು ಎಂದು ಲೆಕ್ಕ ಹಾಕುವುದು. ಒಂದು ಉದಾಹರಣೆ ನೋಡಿ. ಕಂಪನಿಯಲ್ಲಿ ತಲಾ ₹10ರ 2,00,000 ಈಕ್ವಿಟಿ ಷೇರುಗಳಿವೆ, ಅಂದರೆ ಬಂಡವಾಳ ₹20,00,000. ಡಿಬೆಂಚರ್ ಎಂಬ ಸಾಲಪತ್ರಗಳ ಮೂಲಕ ತಂದ ಸಾಲ ₹3,00,000, ಸರಕು ಕೊಟ್ಟವರಿಗೆ ಬಾಕಿ ₹4,00,000. ಒಟ್ಟು ₹27,00,000. ಇದಕ್ಕೆ ಎದುರಾಗಿ ನಿಜಕ್ಕೂ ಏನಿದೆ? ಸಂಚಿತ ನಷ್ಟ ₹9,00,000, ಕಂಪನಿ ಹುಟ್ಟುಹಾಕಲು ಆದ ಪ್ರಾರಂಭಿಕ ವೆಚ್ಚ ₹40,000, ಡಿಬೆಂಚರ್ ವಿತರಣೆಯಲ್ಲಿ ಬಿಟ್ಟ ರಿಯಾಯಿತಿ ₹60,000. ಈ ಮೂರನ್ನೂ ಮಾರಿದರೆ ಬಿಡಿಗಾಸೂ ಹುಟ್ಟದು. ಇವೇ ಕಾಲ್ಪನಿಕ ಆಸ್ತಿಗಳು. ಕಂಪನಿಯ ಒಳ್ಳೆಯ ಹೆಸರಿಗೆ ಕಟ್ಟಿದ ಬೆಲೆ, ಅಂದರೆ ಗುಡ್‌ವಿಲ್, ₹2,00,000 ಎಂದಿದೆ, ನಷ್ಟದ ಕಂಪನಿಗೆ ಅದರ ಬೆಲೆ ಸೊನ್ನೆ. ಯಂತ್ರಗಳು ಪುಸ್ತಕದಲ್ಲಿ ₹8,00,000, ಮೌಲ್ಯಮಾಪಕರ ವರದಿಯಲ್ಲಿ ₹6,50,000. ಉಳಿದ ₹7,00,000 ಮಾತ್ರ ಗಟ್ಟಿ: ದಾಸ್ತಾನು, ಬರಬೇಕಾದ ಬಾಕಿ, ಬ್ಯಾಂಕಿನ ಹಣ.

ಇಲ್ಲೊಂದು ಎಚ್ಚರ. ಈಗಿನ ನಮೂನೆಯ ಬ್ಯಾಲೆನ್ಸ್ ಶೀಟಿನಲ್ಲಿ ಸಂಚಿತ ನಷ್ಟ ಆಸ್ತಿಯ ಕಡೆ ಕಾಣುವುದಿಲ್ಲ. ಮೀಸಲು ನಿಧಿಯ ಶೀರ್ಷಿಕೆಯಡಿ ಋಣ ಸಂಖ್ಯೆಯಾಗಿ ಕೂತಿರುತ್ತದೆ. ಆಸ್ತಿಯ ಕಡೆ ಮಾತ್ರ ಹುಡುಕಿದವರು ಅತಿ ದೊಡ್ಡ ಮೊತ್ತವನ್ನೇ ಬಿಟ್ಟುಬಿಡುತ್ತಾರೆ.

ಹೋದದ್ದನ್ನೆಲ್ಲ ಕೂಡಿಸಿದರೆ ₹13,50,000. ಎರಡು ಲಕ್ಷ ಷೇರಿಗೆ ಹಂಚಿದರೆ ತಲಾ ₹6.75. ಇಷ್ಟನ್ನೇ ಕಡಿಯಬಹುದಲ್ಲ ಎನಿಸುತ್ತದೆ, ಆದರೆ ವಕೀಲರ ಶುಲ್ಕ, ಜಾಹೀರಾತು, ಮೌಲ್ಯಮಾಪನದ ಖರ್ಚು ಯಾರ ತಲೆಗೆ? ಅದನ್ನು ಮರೆತರೆ ಹೊಸ ಪುಸ್ತಕ ಮೊದಲ ದಿನವೇ ನಷ್ಟದಿಂದ ಶುರುವಾಗುತ್ತದೆ. ಆದ್ದರಿಂದ ₹7 ಕಡಿದು ಮುಖಬೆಲೆಯನ್ನು ₹3ಕ್ಕೆ ಇಳಿಸುವುದು ಜಾಣತನ. ಸಿಗುವುದು ₹14,00,000. ಖರ್ಚು ₹35,000 ಆಯಿತೆಂದುಕೊಳ್ಳಿ, ಮಿಕ್ಕ ₹15,000 ಬಂಡವಾಳ ಮೀಸಲಿಗೆ ಹೋಗುತ್ತದೆ. ಅದನ್ನು ಡಿವಿಡೆಂಡ್ ಆಗಿ ಹಂಚುವ ಆಸೆ ಬೇಡ.

ಮುಂದಿನದು ಕಾನೂನಿನ ಹಾದಿ: 2013ರ ಕಂಪನಿ ಕಾಯ್ದೆಯ 66ನೇ ಕಲಂ. ಕಂಪನಿ ಪಡೆದ ಠೇವಣಿಯನ್ನು ಅಥವಾ ಅದರ ಬಡ್ಡಿಯನ್ನು ಸಮಯಕ್ಕೆ ತೀರಿಸದೆ ಬಾಕಿ ಉಳಿಸಿಕೊಂಡಿದ್ದರೆ ಬಾಗಿಲು ಅಲ್ಲಿಗೇ ಮುಚ್ಚಿತು. ಮೊದಲು ಅದನ್ನು ತೀರಿಸಿ. ನಂತರ ಸದಸ್ಯರ ಸಭೆಯಲ್ಲಿ ವಿಶೇಷ ನಿರ್ಣಯ ಆಗಬೇಕು, ಅಂದರೆ ವಿರೋಧದ ಮತಗಳಿಗೆ ಕನಿಷ್ಠ ಮೂರು ಪಟ್ಟು ಪರ ಮತ. ಆಮೇಲೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ. ಜೊತೆಗೆ ಲೆಕ್ಕ ತೋರಿಸುವ ಕ್ರಮ ಲೆಕ್ಕಪತ್ರ ಮಾನದಂಡಕ್ಕೆ ಅನುಗುಣವಾಗಿದೆ ಎಂಬ ಆಡಿಟರ್ ಪ್ರಮಾಣಪತ್ರ ಬೇಕು. 

ಸಾಲ ಕೊಟ್ಟವರ ಪಟ್ಟಿಯನ್ನೂ ಸಲ್ಲಿಸಬೇಕು. ನಗದು ಒಂದು ಪೈಸೆಯೂ ಷೇರುದಾರರ ಕೈಗೆ ಹೋಗುತ್ತಿಲ್ಲ, ಸಾಲ ಕೊಟ್ಟವರಿಗೆ ಏನು ತೊಂದರೆ ಎಂದು ಕೇಳಬಹುದು. ಅವರು ನೆಚ್ಚಿಕೊಂಡದ್ದು ₹20,00,000 ಬಂಡವಾಳವನ್ನು. ಅದು ₹6,00,000ಕ್ಕೆ ಇಳಿಯುವಾಗ ಅವರಿಗೂ ಮಾತಿದೆ. ನೋಟಿಸ್ ತಲುಪಿದ ಮೇಲೆ ಆಕ್ಷೇಪಕ್ಕೆ ಮೂರು ತಿಂಗಳಿದೆ, ಸುಮ್ಮನಿದ್ದರೆ ಆಕ್ಷೇಪವಿಲ್ಲ ಎಂದೇ ಅರ್ಥ. ಒಂದು ಹೆಸರನ್ನು ಬೇಕೆಂದೇ ಮುಚ್ಚಿಟ್ಟರೆ ಕಂಪನಿಯ ಅಧಿಕಾರಿಯ ಮೇಲೆ ವಂಚನೆಯ ಮೊಕದ್ದಮೆ ಬೀಳಬಹುದು. ಮಂಜೂರಾತಿ ಆದೇಶದ ಪ್ರತಿ ಸಿಕ್ಕ 30 ದಿನಗಳೊಳಗೆ ಅದನ್ನು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಿ, ನೋಂದಣಿ ಪ್ರಮಾಣಪತ್ರ ಪಡೆಯಬೇಕು.

ಪುಸ್ತಕದ ನಮೂದು ಇದೆಲ್ಲ ಮುಗಿದ ಮೇಲೆ. ನಿರ್ಣಯ ಮಾರ್ಚ್‌ನಲ್ಲಾಯಿತು ಎಂದು ಆ ವರ್ಷದ ಲೆಕ್ಕದಲ್ಲೇ ನಷ್ಟ ಅಳಿಸಿಬಿಡುವುದು ತಪ್ಪು. ಮುಖಬೆಲೆಯೇ ಬದಲಾಗುವುದರಿಂದ ಹಳೆಯ ಖಾತೆಯನ್ನು ಪೂರ್ತಿ ಮುಚ್ಚಿ ಹೊಸದನ್ನು ತೆರೆಯಬೇಕು: ₹10ರ ಷೇರು ಬಂಡವಾಳ ಖಾತೆಗೆ ₹20,00,000 ಡೆಬಿಟ್, ₹3ರ ಷೇರು ಬಂಡವಾಳ ಖಾತೆಗೆ ₹6,00,000 ಮತ್ತು ಬಂಡವಾಳ ಕಡಿತ ಖಾತೆಗೆ ₹14,00,000 ಕ್ರೆಡಿಟ್. ಬಳಿಕ ಕಡಿತ ಖಾತೆಯನ್ನು ಡೆಬಿಟ್ ಮಾಡುತ್ತ ಸಂಚಿತ ನಷ್ಟ, ಪ್ರಾರಂಭಿಕ ವೆಚ್ಚ, ರಿಯಾಯಿತಿ, ಗುಡ್‌ವಿಲ್, ಯಂತ್ರದ ₹1,50,000 ಹಾಗೂ ಖರ್ಚನ್ನು ಒಂದೊಂದಾಗಿ ತೊಡೆಯಿರಿ. ಕೊನೆಗೆ ಮಿಕ್ಕ ₹15,000 ಅನ್ನು ಬಂಡವಾಳ ಮೀಸಲಿಗೆ ವರ್ಗಾಯಿಸಿದಾಗ ಆ ಖಾತೆಯ ಶಿಲ್ಕು ಸೊನ್ನೆಯಾಗಬೇಕು. ಆಗದಿದ್ದರೆ ಎಲ್ಲೋ ಒಂದು ಬಾಬು ಬಿಟ್ಟುಹೋಗಿದೆ.

ಹೊಸ ಬ್ಯಾಲೆನ್ಸ್ ಶೀಟು ಎರಡೂ ಕಡೆ ₹13,15,000ಕ್ಕೆ ನಿಲ್ಲುತ್ತದೆ. ನೂರು ಷೇರು ಇಟ್ಟವರ ಕಾಗದದ ₹1,000 ಈಗ ₹300. ಆದರೆ ಷೇರುಗಳ ಸಂಖ್ಯೆ ಅಷ್ಟೇ, ಕಂಪನಿಯಲ್ಲಿ ಅವರ ಪಾಲೂ ಅಷ್ಟೇ. ನಿಜವಾದ ಆಸ್ತಿಯಿಂದ ಸಾಲ ಕಳೆದು ಲೆಕ್ಕ ಹಾಕಿದರೆ ಕಡಿತಕ್ಕೆ ಮೊದಲು ಒಂದು ಷೇರಿನ ಬೆಲೆ ₹3.25 ಇತ್ತು, ಈಗ ಸುಮಾರು ₹3.08. ಇಳಿದ ಹದಿನೇಳು ಪೈಸೆ ಯೋಜನೆಯ ಖರ್ಚು.