ಖಾಸಗಿ ವಿಡಿಯೊ ಹರಡುತ್ತೇವೆಂಬ ಬೆದರಿಕೆ: ದೂರಿಗೆ ಮೊದಲು ಏನು ಉಳಿಸಿಟ್ಟೆ

ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ವಿಡಿಯೊ ಕಾಲ್ ಬಂತು. ಹತ್ತೇ ನಿಮಿಷದಲ್ಲಿ ನನ್ನ ಮುಖವಿದ್ದ ಅಶ್ಲೀಲ ವಿಡಿಯೊ, ಜೊತೆಗೆ ನನ್ನ ಇನ್‌ಸ್ಟಾಗ್ರಾಂ ಗೆಳೆಯರ ಪಟ್ಟಿ ಬಂತು. ‘ಅರ್ಧ ಗಂಟೆಯಲ್ಲಿ 5,000 ಹಾಕು, ಇಲ್ಲಾಂದ್ರೆ ಎಲ್ಲರಿಗೂ ಕಳಿಸ್ತೀನಿ.’ ಗಡುವು, ಗೆಳೆಯರ ಪಟ್ಟಿ, ದುಡ್ಡು ಮೂರೂ ಒಟ್ಟಿಗೆ ಬಂದರೆ ಇದೇ ಮೋಸ.

ದುಡ್ಡು ಹಾಕಿದೆ, ಮತ್ತೆ 10,000 ಕೇಳಿದರು. ಬ್ಲಾಕ್ ಮಾಡಿದೆ, ಬೇರೆ ನಂಬರಿನಿಂದ ಬಂದರು. ಮೊದಲ ಚಾಟ್ ಅಳಿಸಿದ್ದು ದೊಡ್ಡ ತಪ್ಪು, ಆ ಸಾಕ್ಷ್ಯ ಹೋಯಿತು. ಆಮೇಲೆ ‘ಪೊಲೀಸ್’ ಎಂದು ಕರೆ ಮಾಡಿ, ಕೇಸ್ ಮುಚ್ಚಲು ದುಡ್ಡು ಕೇಳಿದವನೂ ಅದೇ ಗುಂಪಿನವನು.

ಎರಡನೇ ನಂಬರಿಗೆ ಉತ್ತರ ಕೊಡಲಿಲ್ಲ, ಬ್ಲಾಕೂ ಮಾಡಲಿಲ್ಲ. ಮೊದಲು ಪ್ರೊಫೈಲ್ ತೆರೆದು ದೇಶದ ಕೋಡ್ ಸಮೇತ ಪೂರ್ತಿ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆ. ಹೆಸರು ಹಾಕಿ ಸೇವ್ ಮಾಡಿದ್ದರೆ ಚಾಟ್‌ನಲ್ಲಿ ಹೆಸರಷ್ಟೇ ಕಾಣುತ್ತದೆ, ನಂಬರ್ ಸಿಗಲ್ಲ. ನಂತರ ದಿನಾಂಕ, ಸಮಯ ಕಾಣುವಂತೆ ಒಂದೊಂದೇ ಮೆಸೇಜ್. ಒಮ್ಮೆ ಮಾತ್ರ ತೆರೆಯುವ ಫೋಟೊದ ಸ್ಕ್ರೀನ್‌ಶಾಟ್ ಬರುವುದಿಲ್ಲ, ಅದಕ್ಕೆ ಇನ್ನೊಂದು ಫೋನಿನಿಂದ ಫೋಟೊ ಹಿಡಿದೆ. ಕೊನೆಗೆ Export chat ಮಾಡಿ, ಅವರ ಯುಪಿಐ ಐಡಿ ಮತ್ತು ಹಣ ಕಳಿಸಿದ ವಹಿವಾಟಿನ 12 ಅಂಕಿಯ ಸಂಖ್ಯೆ, ಅಂದರೆ ಯುಟಿಆರ್ ಬರೆದಿಟ್ಟುಕೊಂಡೆ. ಇಷ್ಟಾದ ಮೇಲೆಯೇ ಬ್ಲಾಕ್.

ಹಣ ಹೋಗಿದ್ದರಿಂದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. cybercrime.gov.in ನಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆ ಉಳಿಸಿಕೊಂಡೆ. ವಿಡಿಯೊ ಹರಡದಂತೆ stopncii.org ಬಳಸಿದೆ. ಅಲ್ಲಿ ವಿಡಿಯೊ ಅಪ್‌ಲೋಡ್ ಆಗುವುದಿಲ್ಲ, ಅದರ ಗುರುತಿನ ಕೋಡ್ ಮಾತ್ರ ಫೋನಿನಿಂದ ಹೋಗುತ್ತದೆ. ಈ ವ್ಯವಸ್ಥೆಗೆ ಸೇರಿಕೊಂಡಿರುವ ಆ್ಯಪ್‌ಗಳಲ್ಲಷ್ಟೇ ಇದು ಕೆಲಸ ಮಾಡುತ್ತದೆ. 18 ತುಂಬದವರಿಗೆ ಇಂಥದ್ದೇ takeitdown.ncmec.org ಇದೆ.